ಮುಖ ಬದಲಾದಾಗ ಕಣ್ಣೀರು ಎಲ್ಲಿ ಹೋಯಿತು?

ಆಟಿ ತಿಂಗಳ ಮಳೆ. ಮಲ್ಪೆ ಬಂದರಿನ ದಕ್ಕೆಯಲ್ಲಿ ಒಬ್ಬ ತಾಯಿ ನಿಂತಿದ್ದಾಳೆ. ನಾಡದೋಣಿಯಲ್ಲಿ ಹೋದ ಮಗ ಇನ್ನೂ ಬಂದಿಲ್ಲ. ನಮ್ಮ ಕಿರುಚಿತ್ರದ ನಾಲ್ಕು ಸೆಕೆಂಡಿನ ಶಾಟ್ ಇದು. ಆ ದಿನ ನಟಿಗೆ ಜ್ವರ ಬಂದಿತ್ತು. ಅವರ ತಂಗಿ ಬಂದು ಮಳೆಯಲ್ಲಿ ನಿಂತು ನಿಜವಾಗಿಯೇ ಅತ್ತರು. ಇಬ್ಬರೂ ಒಪ್ಪಿದ ಮೇಲೆ, ತಂಗಿಯ ಮುಖದ ಜಾಗದಲ್ಲಿ ಅಕ್ಕನ ಮುಖ ಕೂರಿಸುವ ಕೆಲಸ ನನಗೆ ಬಂತು.

ಮೊದಲ ಸಲ ಕೂರಿಸಿದಾಗ ಹೋಲಿಕೆ ಚೆನ್ನಾಗಿಯೇ ಬಂದಿತ್ತು. ನಿರ್ದೇಶಕರು ನೋಡಿ ಹೇಳಿದರು: "ಮುಖ ಸರಿ ಉಂಟು. ಆದ್ರೆ ಇವರು ಅಳ್ತಾ ಇಲ್ಲ ಅಲ್ವಾ ಮಾರಾಯ್ರೆ?"

ಹೌದು, ಕೆನ್ನೆ ಒಣಗಿತ್ತು. ಮುಖ ಬದಲಿಸುವ ಸಾಫ್ಟ್‌ವೇರ್ ತಂಗಿಯ ಮುಖವನ್ನು ಮೊದಲು ಕೆಲವೇ ಸಂಖ್ಯೆಗಳಿಗೆ ಇಳಿಸುತ್ತದೆ. ತಲೆ ಯಾವ ಕಡೆ ತಿರುಗಿದೆ, ಕಣ್ಣು ಎಷ್ಟು ತೆರೆದಿದೆ, ಬಾಯಿ ಹೇಗಿದೆ ಎಂಬಷ್ಟು ಅದರಲ್ಲಿ ಉಳಿಯುತ್ತದೆ. ಆ ಸಂಖ್ಯೆಗಳಿಂದ ಅಕ್ಕನ ಮುಖವನ್ನು ಹೊಸದಾಗಿ ಕಟ್ಟುತ್ತದೆ. ಕಲಿಯುವಾಗ ಅದು ನೋಡುವುದು ಇಡೀ ಚಿತ್ರದ ಒಟ್ಟು ತಪ್ಪನ್ನು. ನಾನು ಬಳಸಿದ ಮುಖದ ಚೌಕ 512 ಪಿಕ್ಸೆಲ್ ಅಗಲ, ಅಷ್ಟೇ ಉದ್ದ. ಅದರಲ್ಲಿ ಕಣ್ಣೀರ ಹನಿ ಆರು ಪಿಕ್ಸೆಲ್ ಅಗಲ. ಅಂದರೆ ಚಿತ್ರದ ಏಳು ಸಾವಿರದಲ್ಲಿ ಒಂದು ಪಾಲು. ಅದನ್ನು ಅಳಿಸಿಬಿಟ್ಟರೂ ಲೆಕ್ಕದಲ್ಲಿ ತಪ್ಪು ಅಷ್ಟೇನೂ ಹೆಚ್ಚುವುದಿಲ್ಲ. ಜೊತೆಗೆ ನಾವು ಕಲಿಸಲು ಕೊಟ್ಟ ಅಕ್ಕನ ಚಿತ್ರಗಳೆಲ್ಲ ಒಣ ಮುಖದವು. ಮುಖಕ್ಕೆ ನೀರು ಚಿಮುಕಿಸಿ ಹತ್ತು ನಿಮಿಷ ಶೂಟ್ ಮಾಡಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ತಂಗಿಯ ಕೆನ್ನೆಯಿಂದ ಹನಿಯನ್ನು ಕತ್ತರಿಸಿ ಅಂಟಿಸಿದರೆ ಆಗದೇ? ಮಾಡಿ ನೋಡಿದೆ. ಬ್ಯಾಂಡೇಜ್ ಹಚ್ಚಿದ ಹಾಗೆ ಕಂಡಿತು, ಯಾಕೆಂದರೆ ಹನಿಯ ಜೊತೆ ತಂಗಿಯ ಚರ್ಮದ ಬಣ್ಣವೂ ಬಂದಿತ್ತು. ಹನಿಗೆ ತನ್ನದೇ ಬಣ್ಣ ಇಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎರಡು ಪಾಲನ್ನಷ್ಟೇ ನೀರು ವಾಪಸ್ ಕಳಿಸುತ್ತದೆ. ಓರೆಯಾಗಿ ಬಿದ್ದರೆ ಜಾಸ್ತಿ. ಉಳಿದದ್ದು ಒಳಗೆ ಹೋಗಿ ಕೆಳಗಿನ ಚರ್ಮವನ್ನು ತೋರಿಸುತ್ತದೆ. ಹಾಗಾಗಿ ತಂಗಿಯಿಂದ ಬರಬೇಕಾದದ್ದು ಹೊಳಪು ಮತ್ತು ನೆರಳು ಮಾತ್ರ. ಚರ್ಮ ಅಕ್ಕನದೇ ಇರಬೇಕು.

ಹನಿಯನ್ನು ದೊಡ್ಡದು ಮಾಡಿ ನೋಡಿ. ಆಕಾಶದ ಕಡೆ ಒಂದು ಚೂಪಾದ ಬಿಳಿ ಚುಕ್ಕೆ. ಎದುರು ತುದಿಯಲ್ಲಿ ಇನ್ನೊಂದು ಮೆತ್ತಗಿನ ಬೆಳಕು, ಒಳಗೆ ಹೋದ ಬೆಳಕು ಅಲ್ಲಿ ಕೂಡಿಕೊಂಡದ್ದು. ಸುತ್ತ ತೆಳ್ಳನೆಯ ಕಪ್ಪು ಅಂಚು. ಮೇಲಿನ ಚುಕ್ಕೆ ಮಾತ್ರ ಇದ್ದರೆ ಅದು ಸುಣ್ಣದ ಬೊಟ್ಟು, ನೀರಲ್ಲ.

ಆದ್ದರಿಂದ ಪ್ರತಿ ಫ್ರೇಮಿನಲ್ಲೂ ತಂಗಿಯ ಮುಖದ ಒಂದು ಮಸುಕಾದ ಪ್ರತಿ ಮಾಡಿದೆ. ಮೂಲ ಚಿತ್ರ ಅದಕ್ಕಿಂತ ಎಲ್ಲಿ ಬೆಳಗಿದೆಯೋ ಆ ಹೆಚ್ಚುವರಿಯನ್ನು ಅಕ್ಕನ ಮುಖಕ್ಕೆ ಕೂಡಿಸಿದೆ. ಎಲ್ಲಿ ಕಪ್ಪಗಿದೆಯೋ ಅಲ್ಲಿ ಅಷ್ಟೇ ಪಾಲು ತಗ್ಗಿಸಿದೆ. ಹನಿಯ ಸುತ್ತ ಕೈಯಲ್ಲೇ ಮಾಸ್ಕ್, ಅಂದರೆ ಎಲ್ಲಿಯವರೆಗೆ ಕೂಡಿಸಬೇಕು ಎಂಬ ಗಡಿ, ಬರೆಯಬೇಕಾಯಿತು. ಇಲ್ಲದಿದ್ದರೆ ತಂಗಿಯ ಮಚ್ಚೆಯೂ ಬಂದು ಕೂರುತ್ತದೆ. 96 ಫ್ರೇಮ್, ಎರಡು ದಿನ.

ಆಮೇಲೂ ಏನೋ ಸರಿ ಇಲ್ಲ ಅನಿಸುತ್ತಿತ್ತು. ನಿಧಾನಕ್ಕೆ ಓಡಿಸಿದಾಗ ಗೊತ್ತಾಯಿತು. ಅಕ್ಕನ ಮೂಗಿನ ಪಕ್ಕದ ಗೆರೆ ಆಳವಾಗಿದೆ, ಆದರೆ ಕಣ್ಣೀರು ಅಲ್ಲಿ ಬಾಗದೆ ನೇರ ಇಳಿಯುತ್ತಿತ್ತು. ನೀರು ಗೆರೆಯನ್ನು ಹಿಡಿದು ಹೋಗುತ್ತದೆ. ದಾರಿಯನ್ನು ಎಳೆದು ಸರಿ ಮಾಡಿದ ಮೇಲೇ ಆ ಕೆನ್ನೆ ಆ ಕಣ್ಣೀರಿನದ್ದಾಯಿತು.

ಮಳೆಯ ಕಷ್ಟ ಬೇರೆ. ಎರಡು ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅದು 27 ಸೆಂಟಿಮೀಟರ್ ಇಳಿದಿರುತ್ತದೆ, ಒಂದು ಮುಖಕ್ಕಿಂತ ಉದ್ದ. ಹಾಗಾಗಿ ಒಂದು ಹನಿ ಮುಖದ ಮುಂದೆ ಒಂದೇ ಫ್ರೇಮಿನಲ್ಲಿ, ತೆಳ್ಳನೆಯ ಗೆರೆಯಾಗಿ ಕಾಣುತ್ತದೆ. ಫ್ರೇಮುಗಳ ನಡುವೆ ಬದಲಿಸಿದ ಮುಖದ ನಡುಕ ತೆಗೆಯುವ ಉಪಾಯಗಳು ಸಾಮಾನ್ಯವಾಗಿ ಅದನ್ನು ಕಸ ಎಂದು ಒರೆಸಿಹಾಕುತ್ತವೆ. ಸುತ್ತೆಲ್ಲ ಮಳೆ, ಮುಖದ ಮುಂದೆ ಮಾತ್ರ ಇಲ್ಲ. ಇಂಥ ದೃಶ್ಯ ನೋಡುವಾಗ ನಾನು ಮೊದಲು ಹುಡುಕುವುದೇ ಇದನ್ನು. ನಡುಕ ತೆಗೆದ ಮೇಲೆ ಕೊನೆಗೆ ಮಳೆಯ ಗೆರೆಗಳನ್ನು ಮೂಲದಿಂದಲೇ ಮತ್ತೆ ಕೂಡಿಸಿದೆ.

ಹಣೆಗೆ ಅಂಟಿದ ಒದ್ದೆ ಕೂದಲನ್ನು ಮುಟ್ಟಲಿಲ್ಲ. ಅದು ತಂಗಿಯದ್ದೇ ಇರಲಿ ಎಂದು ಮಾಸ್ಕಿನಿಂದ ಹೊರಗಿಟ್ಟೆ. ಕೂದಲ ಪಕ್ಕದಲ್ಲಿ ಕೂದಲಿನ ನೆರಳೂ ಇರುತ್ತದೆ, ಅದನ್ನೂ ಸೇರಿಸಿದೆ. ಇಲ್ಲದಿದ್ದರೆ ಕೂದಲು ಹಣೆಯ ಮೇಲೆ ತೇಲುತ್ತದೆ.

ಕೊನೆಯ ತೊಂದರೆ 71ನೇ ಫ್ರೇಮಿನಲ್ಲಿತ್ತು. ಅಕ್ಕನ ಮುಖ ದವಡೆಯಲ್ಲಿ ಮುಗಿದು ತಂಗಿಯ ಕತ್ತು ಅಲ್ಲೇ ಶುರುವಾಗುತ್ತದೆ. ಹನಿ ಆ ಗಡಿ ದಾಟುವಾಗ ಅರ್ಧ ಮಾಯವಾಗುತ್ತಿತ್ತು. ಗಡಿಯನ್ನು ಅಲ್ಲೊಂದು ಕಡೆ ಅರ್ಧ ಬೆರಳು ಮೇಲಕ್ಕೆ ತಂದೆ. ಈಗ ಹನಿ ಅಕ್ಕನ ಕಣ್ಣಿಂದ ಇಳಿದು, ತಂಗಿಯ ದವಡೆಯಲ್ಲಿ ಒಂದು ಕ್ಷಣ ತೂಗಿ, ಸೆರಗಿನ ಮೇಲೆ ಬೀಳುತ್ತದೆ.