ಪದ ಪರಿಚಯ: ಥರ್ಮಲ್ ಶಾಕ್, ಮತ್ತೆ R ಅನ್ನುವ ಅಳತೆ

ಹೋದ ಜುಲೈನಲ್ಲಿ, ಸೋಮವಾರಪೇಟೆ ಕಡೆ ಮಳೆ ಬಿಡದೆ ಸುರಿಯುತ್ತಿದ್ದ ದಿನ, ಓವನ್‌ನಿಂದ ತೆಗೆದ ಪಿಂಗಾಣಿ ಪಾತ್ರೆಯನ್ನು ಅಡುಗೆಮನೆಯ ಒದ್ದೆ ಕಟ್ಟೆಯ ಮೇಲೆ ಇಟ್ಟೆ. ಟಕ್ ಅಂತ ಶಬ್ದ ಬಂತು, ಪಾತ್ರೆ ಎರಡು ಹೋಳು. ಪಕ್ಕದಲ್ಲೇ ಸೌದೆ ಒಲೆಯ ಮೇಲೆ ಅಮ್ಮನ ಮಣ್ಣಿನ ಚಟ್ಟಿ ಇತ್ತು. ಅದು ದಿನಾ ಬೆಂಕಿಯಲ್ಲಿ ಕೂತರೂ ಏನೂ ಆಗಿಲ್ಲ. ಬಿಸಿ–ತಣ್ಣಗಿನ ಈ ಹಠಾತ್ ಏಟಿಗೆ ಥರ್ಮಲ್ ಶಾಕ್ ಎನ್ನುತ್ತಾರೆ.

ಪಾತ್ರೆ ಒಡೆದದ್ದು ಬಿಸಿಯಿಂದಲ್ಲ, ಒಳಗೂ ಹೊರಗೂ ಬಿಸಿ ಬೇರೆ ಬೇರೆ ಇದ್ದದ್ದರಿಂದ. ಒದ್ದೆ ಕಲ್ಲಿಗೆ ತಾಗಿದ ತಳದ ಮೈ ತಣ್ಣಗಾಗಿ ಕುಗ್ಗಲು ನೋಡುತ್ತದೆ, ಆದರೆ ಒಳಗಿನ ಭಾಗ ಇನ್ನೂ ಬಿಸಿಯಾಗಿ ಹಿಗ್ಗಿಕೊಂಡೇ ಇರುತ್ತದೆ, ಕುಗ್ಗಲು ಬಿಡುವುದಿಲ್ಲ. ಹಾಗಾಗಿ ಮೈ ಎಳೆತಕ್ಕೆ ಸಿಗುತ್ತದೆ. ಪಿಂಗಾಣಿಯಂಥ ಸಿರಾಮಿಕ್ ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಅದಕ್ಕೇ ಹಠಾತ್ ಬಿಸಿ ಮಾಡುವುದಕ್ಕಿಂತ ಹಠಾತ್ ತಣಿಸುವುದು ಜಾಸ್ತಿ ಅಪಾಯ.

ಯಾವ ವಸ್ತು ಎಷ್ಟು ತಡೆಯುತ್ತದೆ ಎಂದು ಸಾಲಾಗಿ ಜೋಡಿಸಲು ಒಂದು ಅಳತೆ ಇದೆ:

R = σ(1 − ν) / (Eα)

σ ಅಂದರೆ ವಸ್ತುವಿನ ಬಲ, E ಅಂದರೆ ಬಿರುಸು, ಎಳೆದಾಗ ಉದ್ದವಾಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎನ್ನುವುದು, α ಅಂದರೆ ಒಂದು ಡಿಗ್ರಿಗೆ ಎಷ್ಟು ಹಿಗ್ಗುತ್ತದೆ ಎನ್ನುವುದು. ν ಪಾಯ್ಸನ್ ಅನುಪಾತ, ಒಂದು ಕಡೆ ಎಳೆದಾಗ ಅಡ್ಡಕ್ಕೆ ಎಷ್ಟು ಸಣ್ಣಗಾಗುತ್ತದೆ ಎಂಬ ಲೆಕ್ಕ.

ನನ್ನ ಪಾತ್ರೆಗೇ ಹಾಕಿ ನೋಡೋಣ. ಸಾಧಾರಣ ಪಿಂಗಾಣಿಗೆ ಬಲ ಸುಮಾರು 70 ಮೆಗಾಪಾಸ್ಕಲ್, ಬಿರುಸು 70 ಗಿಗಾಪಾಸ್ಕಲ್, ಹಿಗ್ಗುವುದು ಡಿಗ್ರಿಗೆ ಹತ್ತು ಲಕ್ಷದಲ್ಲಿ 6 ಪಾಲು, ν ಸುಮಾರು 0.2. ಇವುಗಳಿಂದ ಒಳಕ್ಕೂ ಮೈಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಮೈಮೇಲೆ ಅರ್ಧ ಮೆಗಾಪಾಸ್ಕಲ್‌ಗಿಂತ ತುಸು ಜಾಸ್ತಿ ಎಳೆತ ಬರುತ್ತದೆ. 70 ಮುಟ್ಟಲು ಸುಮಾರು 133 ಡಿಗ್ರಿ ವ್ಯತ್ಯಾಸ ಸಾಕು. R ಅಂದರೆ ಇದೇ, ಡಿಗ್ರಿಯಲ್ಲೇ ಬರುತ್ತದೆ. ಓವನ್ 200 ಡಿಗ್ರಿ, ಕಟ್ಟೆಯ ಮೇಲಿನ ನೀರು ಸುಮಾರು 20. ಮಡಚಿದ ಬಟ್ಟೆಯ ಮೇಲೆ ಇಟ್ಟಿದ್ದರೆ ಶಾಖ ಮೆಲ್ಲಗೆ ಇಳಿದು, ಒಳಭಾಗವೂ ಜೊತೆಗೇ ತಣಿಯುತ್ತಿತ್ತು.

ಈ ಸೂತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು α. ಕ್ವಾರ್ಟ್ಜ್ ಗಾಜಿನ ಬಲ ಹೆಚ್ಚೇನಿಲ್ಲ, ಆದರೆ ಹಿಗ್ಗುವುದು ಹತ್ತು ಲಕ್ಷದಲ್ಲಿ ಅರ್ಧ ಪಾಲು ಅಷ್ಟೇ. ಅದರ R ಸಾವಿರದ ಹತ್ತಿರ ಬರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೂ ಒಡೆಯುವುದಿಲ್ಲ!

ಆದರೆ ಈ ಸಾಲು ಯಾವಾಗಲೂ ಹೀಗೇ ಇರುವುದಿಲ್ಲ. R ಲೆಕ್ಕ ಮೈ ಒಂದೇ ಕ್ಷಣದಲ್ಲಿ ತಣಿಯಿತು ಎಂದುಕೊಳ್ಳುತ್ತದೆ. ಶಾಖ ನಿಧಾನವಾಗಿ ಹರಿಯುವ ಕಡೆ ವಸ್ತು ಅದನ್ನು ಎಷ್ಟು ಬೇಗ ಸಾಗಿಸುತ್ತದೆ ಎನ್ನುವುದೂ ಮುಖ್ಯ, ಏಕೆಂದರೆ ಬೇಗ ಸಾಗಿಸಿದರೆ ಒಳಕ್ಕೂ ಹೊರಕ್ಕೂ ವ್ಯತ್ಯಾಸವೇ ಬೆಳೆಯುವುದಿಲ್ಲ. ಆಗ R ಅನ್ನು ಶಾಖವಾಹಕತೆ k ಯಿಂದ ಗುಣಿಸಿ R′ = kR ಎಂದು ತೆಗೆದುಕೊಳ್ಳುತ್ತಾರೆ. ಸಿಲಿಕಾನ್ ಕಾರ್ಬೈಡ್‌ನ R ಸುಮಾರು 200, ಕ್ವಾರ್ಟ್ಜ್ ಗಾಜಿನ ಐದನೇ ಒಂದು ಪಾಲು. ಆದರೆ ಅದರ k 120ರ ಆಸುಪಾಸು, ಗಾಜಿನದ್ದು ಬರೀ 1.4. ಗುಣಿಸಿದರೆ ಕಾರ್ಬೈಡ್ 24,000, ಗಾಜು 1,400. ಸಾಲು ತಲೆಕೆಳಗಾಯಿತು, ಅಲ್ವಾ?

ಇನ್ನೊಂದು ಎಚ್ಚರಿಕೆ. ಲ್ಯಾಬ್‌ನಲ್ಲಿ ಕಡ್ಡಿಗಳನ್ನು ಬೇರೆ ಬೇರೆ ಬಿಸಿಗೆ ಕಾಯಿಸಿ ನೀರಿಗೆ ಬಿಟ್ಟು, ಆಮೇಲೆ ಬಾಗಿಸಿ ಮುರಿದು ನೋಡುತ್ತಾರೆ. ಒಂದು ವ್ಯತ್ಯಾಸ ದಾಟಿದ ಕೂಡಲೇ ಬಲ ಧಡಕ್ಕನೆ ಕುಸಿಯುತ್ತದೆ. ಅಲ್ಯುಮಿನಾಗೆ ಅದು 200 ಡಿಗ್ರಿ ಹತ್ತಿರ, ಲೆಕ್ಕದ R ಮಾತ್ರ 90ರ ಸುತ್ತ. ನಿಜವಾದ ನೀರು ಸೂತ್ರದಷ್ಟು ಕ್ರೂರವಾಗಿ ತಣಿಸುವುದಿಲ್ಲ. ಹಾಗಾಗಿ R ಅನ್ನು ಹೋಲಿಸಲು ಬಳಸಿ, ಒಡೆಯುವ ಡಿಗ್ರಿ ಇದೇ ಎಂದು ನಂಬಬೇಡಿ.

ಹಾಗಾದರೆ ಅಮ್ಮನ ಚಟ್ಟಿ? ಮಣ್ಣಿನ ಪಾತ್ರೆಯ ಬಲ ಕಡಿಮೆ, R ಪ್ರಕಾರ ಅದಕ್ಕೆ ಮೇಲಿನ ಜಾಗ ಸಿಗಲಾರದು. ಆದರೆ R ಕೇಳುವುದು ಬಿರುಕು ಯಾವಾಗ ಹುಟ್ಟುತ್ತದೆ ಎಂದು ಮಾತ್ರ, ಹುಟ್ಟಿದ ಬಿರುಕು ಎಷ್ಟು ದೂರ ಓಡುತ್ತದೆ ಎಂದಲ್ಲ. ಚಟ್ಟಿಯ ಮೈತುಂಬ ಸಣ್ಣ ತೂತು, ಮರಳಿನ ಕಾಳು, ಮೊದಲೇ ಇರುವ ನವಿರು ಬಿರುಕುಗಳಿವೆ. ಹೊಸ ಬಿರುಕು ಸ್ವಲ್ಪ ಹೋಗಿ ಅಲ್ಲೇ ನಿಲ್ಲುತ್ತದೆ. ಗಟ್ಟಿ ಪಿಂಗಾಣಿಯಲ್ಲಿ ತಡೆಯಲು ಏನೂ ಇಲ್ಲ, ಕೂಡಿಟ್ಟ ಬಿಗುವೆಲ್ಲ ಒಂದೇ ಬಿರುಕಿಗೆ ಸುರಿಯುತ್ತದೆ. ಇದನ್ನು ಅಳೆಯುವ ಬೇರೆ ಸೂತ್ರದಲ್ಲಿ E ಮೇಲೆ, σ ಕೆಳಗೆ ಇರುತ್ತವೆ, ಪೂರ್ತಿ ಉಲ್ಟಾ. ಕುಲುಮೆಯ ಬೆಂಕಿ ಇಟ್ಟಿಗೆಯನ್ನು ಬೇಕೆಂದೇ ತೂತು ತೂತಾಗಿ ಮಾಡುವುದಕ್ಕೆ ಇದೂ ಒಂದು ಕಾರಣ.

ಆದರೂ ಆ ಸಣ್ಣ ಬಿರುಕುಗಳು ಒಂದೊಂದಾಗಿ ಕೂಡುತ್ತಾ ಹೋಗುತ್ತವೆ. ಅಮ್ಮ ಚಟ್ಟಿಯನ್ನು ಆಗಾಗ ಬೆರಳಿನಿಂದ ತಟ್ಟಿ ನೋಡುವುದು ಅದಕ್ಕೇ. ಟಣ್ ಎಂದರೆ ಒಲೆಗೆ, ಬೊದ್ದು ಶಬ್ದ ಬಂದರೆ ಹಿತ್ತಲಿನ ಗಿಡಕ್ಕೆ.