ಪದ ಪರಿಚಯ: ಹಳಸಿದ ಜೋಕು

ವಾಟ್ಸಾಪ್ ಗ್ರೂಪಿಗೆ ಜೋಕು ಬಂದ ಕೂಡಲೇ 'ಹಳಸಿದ್ದು ಸಾರ್' ಎನ್ನುವವರು ಈಗ ಜಾಸ್ತಿ. ಅವರು ಹೇಳಬೇಕಾಗಿದ್ದು 'ಹಳೇದು ಸಾರ್' ಅಂತ. ಉಪ್ಪಿನಕಾಯಿ ಹಳೇದಾಗುತ್ತದೆ, ಅನ್ನ ಹಳಸುತ್ತದೆ. ಎರಡನ್ನೂ ಒಂದು ಮಾಡಿದರೆ ಹೇಗೆ? ಅಜ್ಜ ಹೇಳುತ್ತಿದ್ದ ಜೋಕಿಗೆ ಇವತ್ತೂ ನಗು ಬರುತ್ತದೆ. ಹೋದ ವಾರ ಹುಟ್ಟಿದ್ದು ಆಗಲೇ ಹಳಸಿರಬಹುದು.

ಜೋಕು ಇಷ್ಟು ಬೇಗ ಹರಡುವುದಕ್ಕೆ ಕಾರಣ ಸರಳ. ಸುಮ್ನೆ 'ನಾನೂ ಇದ್ದೀನಿ' ಎಂದು ತಿಳಿಸಲು ಅಷ್ಟು ಸಾಕು. ರಾಜಕೀಯ ಹಾಕಿದರೆ ಜಗಳ, ಜೋಕಿಗೆ ಆ ಭಯವಿಲ್ಲ. ಒಬ್ಬರೇ ಆಫೀಸು, ಅಪಾರ್ಟ್‌ಮೆಂಟು, ಮನೆಯವರು, ಹೈಸ್ಕೂಲ್ ಬ್ಯಾಚು ಎಲ್ಲ ಗ್ರೂಪಿನಲ್ಲೂ ಇರುತ್ತಾರಲ್ವಾ, ಹಾಗಾಗಿ ಬೆಳಿಗ್ಗೆ ಒಂದು ಕಡೆ ಕಂಡಿದ್ದು ಮಧ್ಯಾಹ್ನಕ್ಕೆ ಎಲ್ಲ ಕಡೆ ಇರುತ್ತದೆ.

ಹಳಸುವುದು ಯಾವಾಗ? ಜನ ಅದನ್ನು ತಿದ್ದುವುದು ನಿಲ್ಲಿಸಿದಾಗ. 'ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಮಗ ಎಸ್ಸೆಸ್ಸೆಲ್ಸಿ ಪಾಸಾದ' ಎಂಬಂಥ ಜೋಕು ತೆಗೆದುಕೊಳ್ಳಿ. ತಾಜಾ ಇದ್ದಾಗ ಯಾರೋ ಅದನ್ನು ಹೆಬ್ಬಾಳಕ್ಕೆ ಒಯ್ಯುತ್ತಾರೆ. ಇನ್ಯಾರೋ 'ನಮ್ಮವನದು ಸಪ್ಲಿಮೆಂಟರಿನೂ ಮುಗೀತು' ಎಂದು ಬಾಲ ಸೇರಿಸುತ್ತಾರೆ. ಅಂದರೆ ಓದಿದವರು ತಮ್ಮ ದಾರಿ, ತಮ್ಮ ಮಗನನ್ನು ನೆನೆದು ನಕ್ಕಿದ್ದಾರೆ. ಹಳಸಿದ ಮೇಲೆ ಅದೇ ಸಾಲು, ಅದೇ ಕಾಗುಣಿತದ ತಪ್ಪಿನ ಸಮೇತ ಬರುತ್ತದೆ. ಉತ್ತರಕ್ಕೆ ಒಂದು ಹೆಬ್ಬೆರಳು, ಅದೂ ಯಾವಾಗಲೂ ಹಾಕುವ ಅದೇ ಇಬ್ಬರಿಂದ. ಊರು ಬದಲಾದದ್ದೂ ಅದಕ್ಕೆ ಗೊತ್ತಿರಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ 2024ರಲ್ಲಿ ಡಬಲ್ ಡೆಕರ್ ಫ್ಲೈಓವರ್ ತೆರೆಯಿತು, 2025ರಲ್ಲಿ ಹಳದಿ ಮೆಟ್ರೋ ಬಂತು. ಟ್ರಾಫಿಕ್ ಬಗ್ಗೆ ಈಗ ನಗಬೇಕಾದರೂ ನಗುವ ಜಾಗ ಬೇರೆ.

ವಾಟ್ಸಾಪ್ ಇದಕ್ಕೊಂದು ಗುರುತು ಕೊಟ್ಟಿದೆ, ಜನ ಅದನ್ನೂ ತಪ್ಪಾಗಿ ಓದುತ್ತಾರೆ. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣ ಬೀಳುತ್ತದೆ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಜೋಡಿ ಬಾಣ ಕಂಡರೆ ಜೋಕಿಗೆ ವಯಸ್ಸಾಗಿದೆ ಎಂದುಕೊಳ್ಳಬೇಡಿ, ಬೆಳಿಗ್ಗೆ ಹುಟ್ಟಿದ್ದಕ್ಕೂ ಸಂಜೆಗೆ ಅದು ಬೀಳಬಹುದು. ಅದು ಹೇಳುವುದಿಷ್ಟೇ: ಇಷ್ಟು ಕೈ ದಾಟಿದರೂ ಯಾರೂ ಒಂದಕ್ಷರ ಮುಟ್ಟಿಲ್ಲ. ಯಾರಾದರೂ ಮತ್ತೆ ಟೈಪ್ ಮಾಡಿ ತಿದ್ದಿದ್ದರೆ ಬಾಣವೇ ಇರುತ್ತಿರಲಿಲ್ಲ.

ಆದರೆ ಕಾಪಿ ಮಾಡಿ ಅಂಟಿಸಿದರೂ ಬಾಣ ಮಾಯ. ಆಗ ಒಳಗೆ ನೋಡಿ. ಸಾವಿರ ರೂಪಾಯಿ ನೋಟು ಇನ್ನೂ ಓಡಾಡುತ್ತಿದ್ದರೆ ಅದು 2016ರ ನೋಟು ರದ್ದತಿಗಿಂತ ಹಿಂದಿನದು, ಅಲ್ಲಿಂದೀಚೆಗೆ ಯಾರೂ ಕೈ ಹಾಕಿಲ್ಲ. ಅದಕ್ಕೆ 'ಹಳಸಿದ್ದು' ಎನ್ನಿ, ಒಪ್ಪುತ್ತೇನೆ.