ಮಂಗಳೂರಿನ ಫ್ರಿಜ್ಜು, ಕುಂಬಳೆಯ ಮನೆ: ಬಿಲ್ಲು ಎಲ್ಲಿ ಗೆಲ್ಲಿಸುತ್ತದೆ, ಎಲ್ಲಿ ಸೋಲಿಸುತ್ತದೆ

ಗ್ರಾಹಕ ಕಾನೂನು ಓದುವಾಗ ನನಗೆ ಸೆಕ್ಷನ್‌ಗಳಿಗಿಂತ ಒಂದು ಉದಾಹರಣೆಯೇ ಜಾಸ್ತಿ ನೆನಪಲ್ಲಿ ಉಳಿಯಿತು. ಅದನ್ನೇ ಇಟ್ಟುಕೊಳ್ಳೋಣ. ಕುಂಬಳೆಯ ಒಬ್ಬ ಅಕ್ಕ 2023ರ ಜೂನ್ 12ರಂದು ಮಂಗಳೂರಿನ ಅಂಗಡಿಯಿಂದ 34,500 ರೂಪಾಯಿಗೆ ಫ್ರಿಜ್ಜು ತಂದರು. ಇಡೀ ಫ್ರಿಜ್ಜಿಗೆ ಒಂದು ವರ್ಷ ವಾರಂಟಿ, ಕಂಪ್ರೆಸರಿಗೆ ಹತ್ತು ವರ್ಷ. 2024ರ ಮೇ 20ಕ್ಕೆ ತಂಪಾಗುವುದು ನಿಂತಿತು. ಫೋನ್ ಮಾಡಿದರು. ಮೆಕ್ಯಾನಿಕ್ ಬಂದದ್ದು ಜೂನ್ 15ಕ್ಕೆ. "ವಾರಂಟಿ ಮುಗಿದಿದೆ ಅಕ್ಕ, ದುಡ್ಡು ಕೊಡಬೇಕಾಗುತ್ತದೆ" ಎಂದ.

ಮುಗಿದದ್ದು ನಿಜವೇ? ಇಲ್ಲ. ದೂರು ಕೊಟ್ಟ ದಿನ ವಾರಂಟಿ ಇತ್ತು. ಆದರೆ ಅದನ್ನು ತೋರಿಸುವುದು ಹೇಗೆ?

ಇಲ್ಲಿ ಮೂರು ಕಾಗದ ಬೇಕು, ಒಂದೊಂದೂ ಬೇರೆ ಮಾತು ಹೇಳುತ್ತದೆ. ಯಾವಾಗ, ಯಾರಿಂದ, ಎಷ್ಟಕ್ಕೆ ಕೊಂಡಿರಿ ಎಂದು ಬಿಲ್ಲು ಹೇಳುತ್ತದೆ. ಕಂಪನಿ ಏನು ಮಾತು ಕೊಟ್ಟಿತ್ತು ಎಂದು ವಾರಂಟಿ ಕಾರ್ಡು. ಆ ಮಾತು ಯಾವಾಗ ತಪ್ಪಿತು ಎಂದು, ಮೆಕ್ಯಾನಿಕ್ ಬಂದಾಗ ಬರೆದು ನಮ್ಮ ಸಹಿ ಹಾಕಿಸಿಕೊಳ್ಳುವ ಜಾಬ್ ಶೀಟು. ನಾವು ಮೊದಲ ಎರಡನ್ನಾದರೂ ಎಲ್ಲೋ ತುರುಕಿಡುತ್ತೇವೆ. ಮೂರನೆಯದನ್ನು ಕೇಳುವುದೇ ಇಲ್ಲ. ದೂರು ಕೊಟ್ಟಾಗ ಮೊಬೈಲಿಗೆ ಬರುವ ದೂರು ಸಂಖ್ಯೆಯ ಮೆಸೇಜೂ ಇದೇ ಸಾಲಿಗೆ ಸೇರುತ್ತದೆ. ಅಕ್ಕನ ಕೇಸಿನಲ್ಲಿ ಮೇ 20 ಎಂದು ತೋರಿಸುವುದು ಆ ಮೆಸೇಜು ಮಾತ್ರ. ಅಳಿಸಿದ್ದರೆ ಉಳಿಯುವುದು ಜೂನ್ 15ರ ಜಾಬ್ ಶೀಟು, ಅದು ಕಂಪನಿಯ ಪರವಾಗಿಯೇ ಮಾತಾಡುತ್ತದೆ. ಹಾಗಾಗಿ ಆ ಶೀಟಿನಲ್ಲಿ ಸಹಿ ಹಾಕುವ ಮುಂಚೆ "ಮೇ 20ಕ್ಕೆ ದೂರು ಕೊಟ್ಟಿದ್ದೆ" ಎಂದು ಕೈಯಲ್ಲೇ ಬರೆದುಬಿಡಿ.

ಕಂಪ್ರೆಸರಿನ ಹತ್ತು ವರ್ಷದ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಅದು ಆ ಬಿಡಿಭಾಗಕ್ಕೆ ಮಾತ್ರ. ಗ್ಯಾಸು, ಕೂಲಿ ನಮ್ಮ ಮೇಲೆ ಬೀಳುತ್ತದೆ. ಕಾರ್ಡಿನ ಸಣ್ಣಕ್ಷರ ಓದಿದರೆ ಸುಮ್ನೆ ಜಗಳ ತಪ್ಪುತ್ತದೆ.

ಇನ್ನು ಬಿಲ್ಲು. "ಎಸ್ಟಿಮೇಟ್" ಎಂದು ತಲೆಬರಹ ಇರುವ ಚೀಟಿ ಬಿಲ್ಲಲ್ಲ. ಮಾರಿದ ಮೇಲೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ, ಆದ್ದರಿಂದ ಧೈರ್ಯವಾಗಿ ಕೇಳಿ. ಫ್ರಿಜ್ಜಿನ ಸೀರಿಯಲ್ ನಂಬರು ಬಿಲ್ಲಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಈ ಬಿಲ್ಲು ಇದೇ ಫ್ರಿಜ್ಜಿನದ್ದು ಎಂದು ಹೇಳಲು ಕಷ್ಟ. ಇನ್ನೊಂದು ಗುಂಡಿ: ಮನೆಯವರಿಗೆ ಸಣ್ಣ ಅಂಗಡಿ ಇದ್ದರೆ ತೆರಿಗೆ ಉಳಿಸಲು ಮನೆಯ ಫ್ರಿಜ್ಜಿನ ಬಿಲ್ಲಿಗೂ ಅಂಗಡಿಯ ಜಿಎಸ್‌ಟಿ ನಂಬರು ಹಾಕಿಸುತ್ತಾರೆ. ನಾಳೆ ಎದುರಿನವರು "ಇದು ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ" ಎಂದು ವಾದಿಸಲು ಅದೊಂದೇ ಸಾಕು. ಬಿಲ್ಲು ಮಗನ ಹೆಸರಲ್ಲಿದ್ದರೆ ಅಷ್ಟು ಭಯ ಬೇಡ. ಅವನ ಒಪ್ಪಿಗೆಯಿಂದ ಬಳಸುವ ತಾಯಿಯೂ ಕಾಯ್ದೆಯ ಪ್ರಕಾರ ಗ್ರಾಹಕಳೇ.

ಅಂಗಡಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆ, ಮನೆ ಈಚೆ. ಹಾಗಾದರೆ ಕೇಸು ಎಲ್ಲಿ? ಹಳೆಯ 1986ರ ಕಾಯ್ದೆಯಲ್ಲಿ ದೂರುದಾರರ ವಾಸದ ಊರು ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗ ನಾವು ವಾಸವಿರುವ ಅಥವಾ ದುಡಿಯುವ ಜಾಗದಲ್ಲೇ ಹಾಕಬಹುದು. ಅಂದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. ಗಡಿಯವರಾದ ನಮಗೆ ಇದು ದೊಡ್ಡ ವ್ಯತ್ಯಾಸ, ಅಲ್ವಾ? ವಾಸದ ವಿಳಾಸಕ್ಕೆ ಪುರಾವೆ ಸೇರಿಸಬೇಕು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. e-jagriti.gov.in ಮೂಲಕ ಮನೆಯಿಂದಲೂ ಸಲ್ಲಿಸಬಹುದು. ಗಡುವು ಎರಡು ವರ್ಷ, ದೂರಿಗೆ ಕಾರಣ ಹುಟ್ಟಿದ ದಿನದಿಂದ. ಅಕ್ಕನಿಗೆ ರಿಪೇರಿ ನಿರಾಕರಿಸಿದ ದಿನದಿಂದ ಎಣಿಸಿದರೆ 2026ರ ಜೂನ್ ಮಧ್ಯದವರೆಗೆ.

ಕಾಗದ ಇಟ್ಟರಷ್ಟೇ ಸಾಲದು, ಓದಲು ಬರಬೇಕು. ಅಂಗಡಿಯ ಸಣ್ಣ ಮೆಷಿನಿನಿಂದ ಬರುವ ಬಿಲ್ಲು ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿಯಿಲ್ಲ, ಶಾಖಕ್ಕೆ ಕಪ್ಪಾಗುವ ಲೇಪ ಇದೆ. ಕೆಲವು ತಿಂಗಳಲ್ಲಿ ಮಾಸುತ್ತದೆ. ಉಳಿಸುತ್ತೇನೆಂದು ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಇಡೀ ಕಾಗದವೇ ಕಪ್ಪಾಗಿಬಿಡುತ್ತದೆ! ತಂದ ದಿನವೇ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದು ನಿಮಗೇ ಒಂದು ಇಮೇಲ್ ಕಳಿಸಿಕೊಳ್ಳಿ. ನಮ್ಮ ಮಳೆಗಾಲದಲ್ಲಿ ಕಪಾಟಿನ ಕಾಗದಕ್ಕೆ ಬೂಸ್ಟು ಹಿಡಿಯುವುದು ಹೊಸದೇನಲ್ಲ.

ವಿಮೆಯ ವಿಷಯ ಸ್ವಲ್ಪ ಬೇರೆ. ಸಿಡಿಲಿಗೆ ಸುಟ್ಟ ಫ್ರಿಜ್ಜಿಗೆ ವಾರಂಟಿ ಸಾಮಾನ್ಯವಾಗಿ ಬರುವುದಿಲ್ಲ. ಮನೆವಿಮೆ ಇದ್ದರೆ ಅದೇ ಬಿಲ್ಲು ಮತ್ತೆ ಕೆಲಸಕ್ಕೆ ಬರುತ್ತದೆ, ಈ ಸಲ ವಸ್ತು ನಿಮ್ಮದೇ, ಬೆಲೆ ಇಷ್ಟೇ ಎಂದು ತೋರಿಸಲು. ಆದರೆ ಕರೆಂಟಿನ ವೋಲ್ಟೇಜ್ ಏರಿ ಹಾಳಾದ ಸಾಮಾನನ್ನು ಹೊರಗಿಡುವ ಸಾಲು ಪಾಲಿಸಿಯಲ್ಲಿದೆಯೇ ಎಂದು ಮೊದಲೇ ನೋಡಿ. ಕ್ಲೇಮು ಹಾಕುವುದಾದರೆ ಕೂಡಲೇ ತಿಳಿಸಿ, ಸೀರಿಯಲ್ ನಂಬರು ಕಾಣುವ ಹಾಗೆ ಫೋಟೋ ತೆಗೆಯಿರಿ. ವಿಮೆಯವರು ಬಂದು ನೋಡುವವರೆಗೆ ಸುಟ್ಟ ಫ್ರಿಜ್ಜನ್ನು ಗುಜರಿಯವನಿಗೆ ಮಾತ್ರ ಕೊಡಬೇಡಿ.